ಕ್ಯಾನ್ಸಾಸ್ ರಾಜ್ಯದ ಜಯನಗರದಿಂದ

ಅಮೆರಿಕದ ಆನ್‌ಲೈನ್ ಅಂಗಡಿಯವರಷ್ಟು ಧಾರಾಳಿಗಳನ್ನು ನಾನು ಕಂಡಿಲ್ಲ. ದುಡ್ಡು ಕೊಡುವ ತನಕ. ‘ಹಿಡಿಸಲಿಲ್ಲವೇ? ವಾಪಸ್ ಕಳಿಸಿ. ಕಾರಣ ಕೇಳುವುದಿಲ್ಲ, ಕಾಸೂ ಕೇಳುವುದಿಲ್ಲ’ ಎಂದು ಮುಖಪುಟದಲ್ಲಿ ಕೊಬ್ಬರಿ ಹೋಳಿನಷ್ಟು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅದರ ಬಾಲದಲ್ಲಿ ಒಂದು ಪುಟ್ಟ ನಕ್ಷತ್ರ ಚಿಹ್ನೆ. ಅದನ್ನು ಹಿಂಬಾಲಿಸಿಕೊಂಡು ಪುಟದ ತಳಕ್ಕೆ ಇಳಿದರೆ, ಈ ಸೌಲಭ್ಯ ಒಂದಕ್ಕೊಂದು ಅಂಟಿಕೊಂಡ 48 ರಾಜ್ಯಗಳಿಗೆ ಮಾತ್ರ ಎಂದು ಗೊತ್ತಾಗುತ್ತದೆ. ಅಲಾಸ್ಕಾ, ಹವಾಯಿ ಕೂಡ ಅಮೆರಿಕವೇ, ಅಲ್ಲಿಯವರೂ ವೋಟು ಹಾಕುತ್ತಾರೆ. ಆದರೂ ಅವರು ನಕ್ಷತ್ರದ ಆಚೆಗೇ. ಸ್ವಂತ ರಾಜ್ಯಗಳನ್ನೇ ಹೊಸಿಲ ಹೊರಗೆ ನಿಲ್ಲಿಸಿದ ಅಂಗಡಿ ಬೆಂಗಳೂರಿನ ಜಯನಗರವನ್ನು ಕರೆದು ಮಣೆ ಹಾಕುತ್ತದೆಂದು ನಂಬಿದವರು ನಮ್ಮ ಮೇಷ್ಟ್ರು.

ಮೇಷ್ಟ್ರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಮಂಡಿನೋವಿಗೆ ನಡಿಗೆಯೇ ಮದ್ದು, ನಡಿಗೆಗೆ ಒಳ್ಳೆಯ ಷೂವೇ ಆಧಾರ ಎಂದು ಡಾಕ್ಟರು ಹೇಳಿದ್ದೇ ತಡ, 2025ರ ಆಗಸ್ಟ್ ಮೊದಲ ವಾರ ಅಮೆರಿಕದ ಅಂಗಡಿಯೊಂದರಿಂದ 140 ಡಾಲರಿನ ಷೂ ತರಿಸಿದರು. ಸಾಗಣೆಗೆ 30 ಡಾಲರ್ ಬೇರೆ. ಅಳತೆ 9. ಹುಟ್ಟಿದಾಗಿನಿಂದ ಅಲ್ಲದಿದ್ದರೂ ಹೈಸ್ಕೂಲು ಮುಗಿಸಿದಾಗಿನಿಂದ ಅವರ ಕಾಲು 9ರದ್ದೇ. ಷೂ ಬಂತು, ಹಿಮ್ಮಡಿ ಒಳಗೆ ಹೋಗಲಿಲ್ಲ.

ಕಾಲು ಬೆಳೆದಿರಲಿಲ್ಲ, ಷೂ ಕುಗ್ಗಿರಲಿಲ್ಲ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷರು ಬಿಟ್ಟುಹೋದ ಅಳತೆ. ಗಂಡಸರ ಷೂವಿನಲ್ಲಿ ಅಮೆರಿಕದ 9 ಎಂದರೆ ಬ್ರಿಟನ್ನಿನ 8, ಅಂದರೆ ನಮ್ಮ 8. ಮೇಷ್ಟ್ರಿಗೆ ಬೇಕಾಗಿದ್ದುದು ಅಮೆರಿಕದ 10. ಎರಡು ದೇಶಗಳು ಒಂದೇ ಅಂಕಿಯನ್ನು ಎರಡು ಬೆಲೆಗೆ ಚಲಾಯಿಸುತ್ತವೆಂಬುದನ್ನು ಅವರ ಗಣಿತ ಸಹಿಸಲಿಲ್ಲ. ‘ಒಂಬತ್ತು ಅಂದ್ರೆ ಒಂಬತ್ತೇ ಕಣಯ್ಯ, ಇದರಲ್ಲಿ ದೇಶಭಕ್ತಿ ಯಾಕೆ ಬರಬೇಕು?’ ಎಂದು ನನ್ನನ್ನೇ ಗದರಿಸಿದರು. ಆಮೇಲೆ ಶಾಂತರಾಗಿ, ‘ಇರಲಿ, ವಾಪಸ್ ತಗೋತಾರಂತೆ’ ಎಂದರು.

ವಾಪಸಾತಿಯ ಪುಟ ಮೊದಲು ಕೇಳಿದ್ದು ವಿಳಾಸ. ಪಿನ್ ಕೋಡ್ ಜಾಗದಲ್ಲಿ ಐದೇ ಅಂಕಿ ಹಿಡಿಯುತ್ತವೆ. ಅಮೆರಿಕದ ಜಿಪ್ ಕೋಡ್ ಇರುವುದೇ ಅಷ್ಟು. ನಮ್ಮದು ಆರು. 560011ರ ಕೊನೆಯ ಒಂದನ್ನು ಯಂತ್ರ ಮುಲಾಜಿಲ್ಲದೆ ಕತ್ತರಿಸಿತು. ಮುಂದೆ ರಾಜ್ಯದ ಪಟ್ಟಿ. ‘ಕೆ’ ಅಕ್ಷರಕ್ಕೆ ಅಲ್ಲಿರುವುದು ಎರಡೇ: ಕ್ಯಾನ್ಸಾಸ್, ಕೆಂಟಕಿ. ಖಾಲಿ ಬಿಟ್ಟರೆ ಪುಟ ಮುಂದಕ್ಕೆ ಹೋಗುವುದಿಲ್ಲ. ಮೇಷ್ಟ್ರು ಕೊಂಚ ಯೋಚಿಸಿ, ಉಚ್ಚಾರದಲ್ಲಿ ಕರ್ನಾಟಕಕ್ಕೆ ಹತ್ತಿರವೆಂದು ಕ್ಯಾನ್ಸಾಸನ್ನು ಆರಿಸಿದರು. ನಾಲ್ಕನೇ ಬ್ಲಾಕು, ಜಯನಗರ, ಕ್ಯಾನ್ಸಾಸ್. ಯಂತ್ರಕ್ಕೆ ತೃಪ್ತಿಯಾಯಿತು. ಕ್ಷಣಾರ್ಧದಲ್ಲಿ ಬಾರ್‌ಕೋಡ್ ಸಮೇತ ಒಂದು ಲೇಬಲ್ ಈಮೇಲಿಗೆ ಬಂತು: ‘ಇದನ್ನು ಪೆಟ್ಟಿಗೆಗೆ ಅಂಟಿಸಿ, ಹತ್ತಿರದ ಅಂಚೆ ಕಚೇರಿಯಲ್ಲಿ ಬಿಟ್ಟುಬನ್ನಿ. ಅಂಚೆ ವೆಚ್ಚ ಪಾವತಿಯಾಗಿದೆ.’

ಮೇಷ್ಟ್ರು ಅದನ್ನು ಬಣ್ಣದ ಮುದ್ರಣದಲ್ಲೇ ತೆಗೆಸಿದರು. ಅಂಚೆ ಕಚೇರಿಯ ಹುಡುಗಿ ಲೇಬಲನ್ನು ಅತ್ತಿತ್ತ ತಿರುಗಿಸಿ ನೋಡಿ, ‘ಸರ್, ಇದು ನಮ್ದಲ್ಲ’ ಎಂದಳು.

ಅವಳು ಹೇಳಿದ್ದರಲ್ಲಿ ಇಡೀ ಶಾಸ್ತ್ರ ಇದೆ. ಮುಂಗಡ ಪಾವತಿಯ ಲೇಬಲ್ ಎಂದರೆ ಅಂಚೆಚೀಟಿಯೇ. ಅಂಗಡಿ ದುಡ್ಡು ಕಟ್ಟಿರುವುದು ಅಮೆರಿಕದ ಅಂಚೆ ಇಲಾಖೆಗೆ, ಅಮೆರಿಕದೊಳಗೆ ಸಾಗಿಸುವುದಕ್ಕೆ. ಗಾಂಧೀಜಿಯ ಚಿತ್ರದ ನಮ್ಮ ಅಂಚೆಚೀಟಿ ಚಿಕಾಗೋದಲ್ಲಿ ಹೇಗೆ ನಡೆಯುವುದಿಲ್ಲವೋ ಹಾಗೇ ಆ ಬಾರ್‌ಕೋಡ್ ಜಯನಗರದಲ್ಲಿ ನಡೆಯುವುದಿಲ್ಲ. ದೇಶ ದಾಟಿಸುವ ವಾಪಸಾತಿ ಲೇಬಲ್ ಎಂಬುದೊಂದು ಬೇರೆ ಇದೆ. ದೊಡ್ಡ ಅಂತರರಾಷ್ಟ್ರೀಯ ಕೊರಿಯರ್ ಕಂಪನಿಯಲ್ಲಿ ಅಂಗಡಿಯವನ ಖಾತೆ ಇರಬೇಕು, ಪಾರ್ಸೆಲ್ ಇಲ್ಲಿಂದ ಹೊರಟರೂ ಬಿಲ್ಲು ಅವನ ಖಾತೆಗೆ ಬೀಳಬೇಕು. ಅದರ ಗುರುತು ಸುಲಭ: ಕಳಿಸುವವರ ವಿಳಾಸದಲ್ಲಿ ಇಂಡಿಯಾ ಎಂದಿರುತ್ತದೆ, ಜೊತೆಗೆ ಕಸ್ಟಮ್ಸಿಗೆ ಕೊಡಲು ಇನ್‌ವಾಯ್ಸ್ ಪ್ರತಿಗಳಿರುತ್ತವೆ. ಒಂದೇ ಹಾಳೆ, ಒಂದೇ ಬಾರ್‌ಕೋಡ್, ಮೇಲೆ ಕ್ಯಾನ್ಸಾಸ್ ಎಂದು ಬಂದರೆ ಅದನ್ನು ಪುಸ್ತಕದಲ್ಲಿ ಗುರುತಿಗೆ ಇಟ್ಟುಕೊಳ್ಳಬಹುದು.

ಹೋಗಲಿ, ಕೈಯಿಂದಲೇ ದುಡ್ಡು ಹಾಕಿ ಸ್ಪೀಡ್ ಪೋಸ್ಟ್ ಮಾಡಿಬಿಡೋಣ ಎಂದರೆ ಅದಕ್ಕೂ ಕಲ್ಲು ಬಿತ್ತು. 800 ಡಾಲರ್‌ವರೆಗಿನ ಪಾರ್ಸೆಲ್ಲುಗಳನ್ನು ಸುಂಕವಿಲ್ಲದೆ ಒಳಗೆ ಬಿಡುತ್ತಿದ್ದ ರಿಯಾಯಿತಿಯನ್ನು ಅಮೆರಿಕ ಅದೇ ಆಗಸ್ಟ್ 29ರಿಂದ ಎಲ್ಲ ದೇಶಗಳಿಗೂ ನಿಲ್ಲಿಸಿತು. ಸುಂಕ ಯಾರು ವಸೂಲು ಮಾಡಬೇಕು, ಹೇಗೆ ಕಟ್ಟಬೇಕು ಎಂಬುದೇ ಸ್ಪಷ್ಟವಿಲ್ಲದೆ ನಮ್ಮ ಅಂಚೆ ಇಲಾಖೆ 25ರಿಂದಲೇ ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುವುದನ್ನು ಬಿಟ್ಟಿತು. ಮೊದಲು ಕಾಗದಪತ್ರಕ್ಕೂ 100 ಡಾಲರ್ ಒಳಗಿನ ಉಡುಗೊರೆಗೂ ವಿನಾಯಿತಿ ಇತ್ತು. ಕೆಲವೇ ದಿನಗಳಲ್ಲಿ ಅದೂ ನಿಂತಿತು. ಸೇವೆ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ, ಅಮೆರಿಕದ ಸುಂಕವನ್ನು ಇಲ್ಲಿನ ಕೌಂಟರಿನಲ್ಲೇ ಮುಂಗಡ ಕಟ್ಟಿಸಿಕೊಳ್ಳುವ ಏರ್ಪಾಡಿನೊಂದಿಗೆ. ಅಂಗಡಿ ವಾಪಸಾತಿಗೆ ಕೊಟ್ಟ ಗಡುವು ಷೂ ಕೈಸೇರಿದ ಮೂವತ್ತು ದಿನ. ಎರಡು ಸರ್ಕಾರಗಳು ಸುಂಕದ ಲೆಕ್ಕ ಮಾಡುತ್ತಿವೆ, ಸ್ವಲ್ಪ ತಾಳಿ ಎಂದು ಮೇಷ್ಟ್ರು ಬರೆದ ಈಮೇಲಿಗೆ, ‘ನಿಮ್ಮ ಅನುಭವಕ್ಕೆ ಐದರಲ್ಲಿ ಎಷ್ಟು ಅಂಕ ಕೊಡುವಿರಿ?’ ಎಂಬ ಉತ್ತರ ಬಂತು. ಜೀವನವಿಡೀ ಅಂಕ ಕೊಟ್ಟವರು. ಸೊನ್ನೆ ಕೊಟ್ಟರು. ಕನಿಷ್ಠ ಒಂದು ಕೊಡಲೇಬೇಕೆಂದು ಯಂತ್ರ ಹಟ ಹಿಡಿಯಿತು.

ಈ ನಡುವೆ ವಾಪಸಾತಿಗೆ ಕಾರಣ ಆರಿಸಬೇಕಿತ್ತು. ಕಾರಣ ಕೇಳುವುದಿಲ್ಲ ಎಂದದ್ದು ನಿಜ, ಆದರೆ ಪಟ್ಟಿ ಕೊಡುವುದಿಲ್ಲ ಎಂದಿರಲಿಲ್ಲ. ನಾಲ್ಕು ಕಾರಣ: ಅಳತೆ ಸರಿಹೋಗಲಿಲ್ಲ, ಮನಸ್ಸು ಬದಲಾಯಿತು, ವಸ್ತುವಿನಲ್ಲಿ ದೋಷವಿದೆ, ಬೇರೆ ವಸ್ತು ಬಂದಿದೆ. ಕೊನೆಯೆರಡನ್ನು ಆರಿಸಿದವನಿಗೆ ಸಾಗಣೆ ವೆಚ್ಚವೂ ವಾಪಸು, ಪೂರ್ತಿ ಹಣವೂ ವಾಪಸು. ಮೊದಲೆರಡನ್ನು ಆರಿಸಿದವನು, ನಕ್ಷತ್ರದ ಆಚೆಯವನಾದರೆ, ಸ್ವಂತ ಖರ್ಚಿನಲ್ಲಿ ಕಳಿಸಬೇಕು, ಬಂದ ದಾರಿಯ 30 ಡಾಲರ್ ಮರೆಯಬೇಕು, ಮೇಲೆ ಶೇ 20 ರೀಸ್ಟಾಕಿಂಗ್ ಶುಲ್ಕ ತೆರಬೇಕು. ಮನೆಯಲ್ಲಿದ್ದ ಮೊಮ್ಮಗ, ‘ತಾತ, ಡಿಫೆಕ್ಟ್ ಅಂತ ಒತ್ತಿ, ಎಲ್ರೂ ಹಾಗೇ ಮಾಡೋದು’ ಎಂದು ಪಿಸುಗುಟ್ಟಿದ. ಮೇಷ್ಟ್ರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಅಳತೆ ಸರಿಹೋಗಲಿಲ್ಲ ಎಂದೇ ಒತ್ತಿದರು. ಹರಿಶ್ಚಂದ್ರನಿಗೆ ಕೊನೆಗೆ ವಿಶ್ವಾಮಿತ್ರರಾದರೂ ಬಂದು ರಾಜ್ಯ ಹಿಂದಿರುಗಿಸಿದರು. ಈ ಪುಟದಲ್ಲಿ ಅಂಥ ಬಟನ್ ಇಲ್ಲ.

ರೀಸ್ಟಾಕಿಂಗ್ ಶುಲ್ಕವೆಂದರೆ ಬಂದ ಮಾಲನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಕಪಾಟಿಗೆ ಏರಿಸುವ ಕೂಲಿ. ಊಟ ರುಚಿಸದೆ ಎದ್ದವನ ಹತ್ತಿರ ಹೋಟೆಲಿನವನು ಎಲೆ ಎತ್ತುವ ಕೂಲಿ ಕೇಳಿದ ಹಾಗೆ. ನ್ಯಾಯವಾಗಿ ಹೇಳಬೇಕೆಂದರೆ ಅಂಗಡಿಯವನಿಗೂ ಖರ್ಚಿದೆ. ಕಾರ್ಡಿನ ಪಾವತಿ ನಡೆಸಿಕೊಡುವ ಕಂಪನಿಗಳಲ್ಲಿ ಅನೇಕವು ಮೊದಲ ಸಲ ಹಿಡಿದ ಕಮಿಷನ್ನನ್ನು ಮರುಪಾವತಿಯ ವೇಳೆ ಹಿಂದಿರುಗಿಸುವುದಿಲ್ಲ. ಪೆಟ್ಟಿಗೆ ಜಜ್ಜಿದ್ದರೆ ಹೊಸ ಷೂ ಎಂದು ಮಾರುವ ಹಾಗಿಲ್ಲ. ಆದರೆ ಒಂದು ಜೊತೆ ಷೂವನ್ನು ಕಪಾಟಿಗೇರಿಸಲು 28 ಡಾಲರ್ ಎಂದರೆ ಆ ಕಪಾಟು ಎಷ್ಟು ಎತ್ತರದಲ್ಲಿರಬೇಕು? ಇದು ಪ್ರಕೃತಿ ನಿಯಮವೇನೂ ಅಲ್ಲ. ಯುರೋಪಿನ ಒಕ್ಕೂಟದಲ್ಲಿ 2011ರ ಗ್ರಾಹಕ ಹಕ್ಕುಗಳ ನಿರ್ದೇಶನದ ಪ್ರಕಾರ ಅಲ್ಲಿನ ಗ್ರಾಹಕ ಆನ್‌ಲೈನಿನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ಬೇಡವೆನ್ನಬಹುದು. ಅಂಗಡಿ ಈ ಬಗೆಯ ದಂಡ ಹಾಕುವ ಹಾಗಿಲ್ಲ. ಬಂದ ದಾರಿಯ ಸಾಧಾರಣ ಸಾಗಣೆ ವೆಚ್ಚವನ್ನೂ ಹಿಂದಿರುಗಿಸಬೇಕು. ಕಳಿಸುವ ಖರ್ಚು ಮಾತ್ರ ಗ್ರಾಹಕನ ಮೇಲೆ ಬೀಳಬಹುದು. ಅಮೆರಿಕದಲ್ಲಿ ದೋಷವಿಲ್ಲದ ಮಾಲನ್ನು ವಾಪಸ್ ಪಡೆಯಲೇಬೇಕೆಂಬ ಕೇಂದ್ರ ಕಾನೂನೇ ಇಲ್ಲ. ಪಡೆದರೆ ಅದು ಅವರ ದೊಡ್ಡಗುಣ, ದೊಡ್ಡಗುಣದ ದರ ಶೇ 20.

ಗಡುವಿನೊಳಗೆ ಇನ್ನು ಉಳಿದದ್ದು ಖಾಸಗಿ ಕೊರಿಯರ್ ಅಂಗಡಿ. ಅಲ್ಲಿನ ಹುಡುಗ ಪೆಟ್ಟಿಗೆಯನ್ನು ತಕ್ಕಡಿಗೆ ಇಟ್ಟ: ಒಂದು ಕಿಲೋ ಇನ್ನೂರು ಗ್ರಾಂ. ಮೇಷ್ಟ್ರಿಗೆ ಸಮಾಧಾನವಾಯಿತು. ಆಮೇಲೆ ಹುಡುಗ ಟೇಪು ತೆಗೆದ. ಅಂತರರಾಷ್ಟ್ರೀಯ ಕೊರಿಯರಿನಲ್ಲಿ ತೂಕ ಎರಡು ಬಗೆ. ಒಂದು ತಕ್ಕಡಿಯದು. ಇನ್ನೊಂದು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು. ಯಾವುದು ಹೆಚ್ಚೋ ಅದಕ್ಕೆ ಬಿಲ್ಲು. ಷೂವಿನ ಪೆಟ್ಟಿಗೆ ಮೇಲೆಯೇ ಚೀಟಿ ಅಂಟಿಸಿದರೆ ಅಂಗಡಿಯವನು ಪೆಟ್ಟಿಗೆ ಕೆಟ್ಟಿತೆಂದು ಇನ್ನಷ್ಟು ಹಿಡಿಯುತ್ತಾನೆ. ಹಾಗಾಗಿ ಹೊರಗೊಂದು ದೊಡ್ಡ ಪೆಟ್ಟಿಗೆ ಹಾಕಲೇಬೇಕು. ಅದರ ಅಳತೆ 38, 26, 16. ಮೇಷ್ಟ್ರು ಬಾಯಲ್ಲೇ ಗುಣಿಸಿ 15,808 ಎಂದರು, ಭಾಗಿಸಿ 3.16 ಎಂದರು. ಹುಡುಗ ಅದನ್ನು ಮುಂದಿನ ಅರ್ಧ ಕಿಲೋಗೆ ಏರಿಸಿ 3.5 ಎಂದ. ಒಂದು ಕಿಲೋ ಚಿಲ್ಲರೆ ಷೂ, ಎರಡು ಕಿಲೋಗೂ ಮೀರಿದ ಬೆಂಗಳೂರಿನ ಗಾಳಿ. ಒಟ್ಟು 5,000 ರೂಪಾಯಿ. ಅಮೆರಿಕಕ್ಕೆ ಗಾಳಿ ರಫ್ತು ಮಾಡಿದ ಮೊದಲ ಜಯನಗರದವರು ಇವರೇ ಅಲ್ಲದಿದ್ದರೂ, ಲೆಕ್ಕ ಗೊತ್ತಿದ್ದೂ ಮಾಡಿದವರಲ್ಲಿ ಮೊದಲಿಗರಿರಬಹುದು.

ಆಧಾರ್ ಜೆರಾಕ್ಸ್ ಕೊಟ್ಟಾಯಿತು. ‘ಏನಂತ ಹಾಕ್ಲಿ ಅಂಕಲ್? ಗಿಫ್ಟ್ ಅಂತ ಹಾಕಿಬಿಡ್ಲಾ? ಸಲೀಸಾಗಿ ಹೋಗುತ್ತೆ’ ಎಂದ ಹುಡುಗ.

‘ಅಮೆರಿಕದ ಕಂಪನಿಗೆ ನಾನ್ಯಾಕಪ್ಪಾ ಗಿಫ್ಟ್ ಕೊಡ್ಲಿ?’

‘ಎಲ್ರೂ ಹಾಗೇ ಹಾಕ್ಸೋದು ಅಂಕಲ್.’

ಮೇಷ್ಟ್ರ ಸತ್ಯಸಂಧತೆ ಈ ಒಂದು ಕಡೆ ಅವರನ್ನು ಕಾಪಾಡಿತು. ಅಮೆರಿಕದ ಕಸ್ಟಮ್ಸಿನ ಕಣ್ಣಿಗೆ ಆ ಪೆಟ್ಟಿಗೆ ಮತ್ತೊಂದು ಆಮದು. ಅದರಲ್ಲಿರುವುದು ವಿಯೆಟ್ನಾಮಿನಲ್ಲಿ ಹೊಲಿದ ಷೂ, 800 ಡಾಲರಿನ ರಿಯಾಯಿತಿ ಈಗಿಲ್ಲ, ಸುಂಕ ಬಿದ್ದರೆ ಅಂಗಡಿಯ ಮೇಲೆ. ಅಂಗಡಿ ಒಂದೋ ಪಾರ್ಸೆಲನ್ನೇ ಬೇಡವೆನ್ನುತ್ತದೆ, ಇಲ್ಲವೇ ಸುಂಕವನ್ನು ನಮ್ಮ ಮರುಪಾವತಿಯಲ್ಲಿ ಮುರಿದುಕೊಳ್ಳುತ್ತದೆ. ಇದಕ್ಕೆ ಮದ್ದು ಅವರ ಸುಂಕ ಪಟ್ಟಿಯ 9801.00.10 ಎಂಬ ಶೀರ್ಷಿಕೆ. ಅಮೆರಿಕದಿಂದ ರಫ್ತಾಗಿ ಮೂರು ವರ್ಷದೊಳಗೆ ಅದೇ ಸ್ಥಿತಿಯಲ್ಲಿ ಮರಳಿದ ಮಾಲಿಗೆ, ಅದು ಎಲ್ಲಿ ತಯಾರಾದದ್ದೇ ಇರಲಿ, ಅದರಡಿ ಸುಂಕವಿಲ್ಲ. ಆದರೆ ಕೇಳಿದವರಿಗಷ್ಟೇ. ಇನ್‌ವಾಯ್ಸಿನಲ್ಲಿ ‘ಮರಳಿಸಿದ ಸರಕು’ ಎಂದು ಬರೆದು, ಆ ಸಂಖ್ಯೆ ನಮೂದಿಸಿ, ಮೊದಲ ಖರೀದಿಯ ಬಿಲ್ಲು ಲಗತ್ತಿಸಬೇಕು. ಗಿಫ್ಟ್ ಎಂದು ಬರೆಸಿಕೊಂಡವನು ತಾನೇ ಕೈಯಾರೆ ಆ ಬಾಗಿಲಿಗೆ ಬೀಗ ಹಾಕಿದ ಹಾಗೆ. ಜೊತೆಗೆ ಅಂಗಡಿ ಕೊಟ್ಟ ಆರ್‌ಎಂಎ ಸಂಖ್ಯೆ, ಅಂದರೆ ವಾಪಸಾತಿಯ ಅನುಮತಿ ಸಂಖ್ಯೆ, ಹೊರಗಿನ ಪೆಟ್ಟಿಗೆಯ ಮೇಲೆ ಕಾಣುವಂತಿರಬೇಕು. ಅದಿಲ್ಲದ ಪಾರ್ಸೆಲ್ ಗೋದಾಮಿನ ಮೂಲೆಯಲ್ಲಿ ಅನಾಥ ಶಿಶು.

ಈಗ ನಮ್ಮ ಸರ್ಕಾರದ ಸರದಿ. ಷೂ ಬರುವಾಗ ಮೂಲ ಕಸ್ಟಮ್ಸ್ ಸುಂಕ, ಎಲ್ಲದರ ಮೇಲೆ ಐಜಿಎಸ್‌ಟಿ ಎಂದು 6,500 ರೂಪಾಯಿ, ಅದನ್ನು ಕಟ್ಟಿಕೊಟ್ಟ ಕೊರಿಯರಿನವರ ಕ್ಲಿಯರೆನ್ಸ್ ಶುಲ್ಕ 800 ರೂಪಾಯಿ ಆಗಿತ್ತು. ಸುಂಕದ ಲೆಕ್ಕಕ್ಕೆ ಸಾಗಣೆ ವೆಚ್ಚವೂ ಸೇರುತ್ತದೆ. ಅಂದರೆ ವಿಮಾನದಲ್ಲಿ ಬಂದ ತಪ್ಪಿಗೂ ತೆರಿಗೆ. ಷೂವೇ ವಾಪಸ್ ಹೋದ ಮೇಲೆ ಸುಂಕವೂ ವಾಪಸ್ ಬರಬೇಡವೇ ಎಂದು ಮೇಷ್ಟ್ರು ಕಾನೂನು ಓದಿದರು. ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 26ಎ ಓದಿ ಹಿಗ್ಗಿದರು. ಆಮದಾದ ಮಾಲು ದೋಷಯುಕ್ತವಾಗಿದ್ದರೆ ಅಥವಾ ಒಪ್ಪಂದದ ವಿವರಕ್ಕೆ ತಕ್ಕಂತಿಲ್ಲದಿದ್ದರೆ, ಬಳಸದೆ, ಕ್ಲಿಯರೆನ್ಸ್ ಆದ 30 ದಿನದೊಳಗೆ ಹೊರಗೆ ಕಳಿಸಿ, ಅರ್ಜಿ ಹಾಕಿದರೆ ಸುಂಕ ಹಿಂದಿರುಗುತ್ತದೆ. ಷೂ ಅಂಗಡಿ ಹೇಳಿದ ವಿವರಕ್ಕೆ ತಕ್ಕಂತೆಯೇ ಇದೆ. ವಿವರಕ್ಕೆ ತಕ್ಕಂತಿಲ್ಲದಿರುವುದು ಮೇಷ್ಟ್ರ ಕಾಲು. ಕಾಲನ್ನು ರಫ್ತು ಮಾಡುವ ಅವಕಾಶ ಕಾಯ್ದೆಯಲ್ಲಿಲ್ಲ.

ಸೆಕ್ಷನ್ 74 ಇನ್ನೂ ಉದಾರ. ಆಮದಾದ ವಸ್ತುವನ್ನು ಬಳಸದೆ ಎರಡು ವರ್ಷದೊಳಗೆ ಮರುರಫ್ತು ಮಾಡಿದರೆ, ದೋಷವಿರಲಿ ಬಿಡಲಿ, ಕಟ್ಟಿದ ಸುಂಕದ ಶೇ 98ರಷ್ಟು ಡ್ರಾಬ್ಯಾಕ್ ಸಿಗುತ್ತದೆ. ಆದರೆ ಇಲ್ಲಿಂದ ಹೋಗುತ್ತಿರುವುದು ಅಂದು ಬಂದ ಷೂವೇ ಎಂದು ಕಸ್ಟಮ್ಸ್ ಅಧಿಕಾರಿ ಗುರುತಿಸಿ ಒಪ್ಪಬೇಕು. ಹೊರಡುವ ಮೊದಲೇ ಡ್ರಾಬ್ಯಾಕ್ ಕೋರಿ ಶಿಪ್ಪಿಂಗ್ ಬಿಲ್ ಸಲ್ಲಿಸಬೇಕು. ಸುಂಕ ಕಟ್ಟಿದ ದಾಖಲೆ ಇರಬೇಕು. ಬೀದಿಯ ಕೊರಿಯರ್ ಅಂಗಡಿಯ ಹುಡುಗನಿಗೆ ಡ್ರಾಬ್ಯಾಕ್ ಎಂದರೆ ಏನೋ ಬಾಡಿಬಿಲ್ಡಿಂಗ್ ಕಸರತ್ತು. ಕಸ್ಟಮ್ಸ್ ಬ್ರೋಕರನ್ನು ಹಿಡಿದರೆ ಅವನ ಫೀಸು ಸುಂಕವನ್ನು ನುಂಗಿ ತೇಗುತ್ತದೆ. ಲಾರಿಗಟ್ಟಲೆ ಯಂತ್ರ ತರಿಸುವವರಿಗಾಗಿ ಹಾಕಿದ ಸೇತುವೆಯ ಮೇಲೆ ಒಂದು ಜೊತೆ ಷೂ ನಡೆದು ಹೋಗಲಾರದು.

ಪಾರ್ಸೆಲ್ ತಲುಪಿತು. ಗೋದಾಮಿನವರು ಪರಿಶೀಲಿಸಿದರು, ಮತ್ತೆ ಪರಿಶೀಲಿಸಿದರು, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ರಜೆ ಹಾಕಿ ಹೋಗಿಬಂದರು. ಡಿಸೆಂಬರಿನಲ್ಲಿ ‘ನಿಮ್ಮ ಹಣ ಮರುಪಾವತಿಸಿದ್ದೇವೆ’ ಎಂದು ಈಮೇಲ್. ಬ್ಯಾಂಕಿಗೆ ಫೋನು ಮಾಡಿದರೆ ‘ನಮಗೇನೂ ಬಂದಿಲ್ಲ ಸರ್’. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಎಂಬುದೇ ಇಲ್ಲಿನ ಸೊಗಸು. ಅಂಗಡಿ ತನ್ನ ಬ್ಯಾಂಕಿಗೆ ಹೇಳಿದೆ, ಅದು ಕಾರ್ಡ್ ಜಾಲಕ್ಕೆ ಹೇಳಬೇಕು, ಜಾಲ ನಮ್ಮ ಬ್ಯಾಂಕಿಗೆ ಹೇಳಬೇಕು. ಇಂಥ ಹೊತ್ತಿನಲ್ಲಿ ಅಂಗಡಿಯವರನ್ನು ಕೇಳಬೇಕಾದದ್ದು ಸ್ಕ್ರೀನ್‌ಶಾಟನ್ನಲ್ಲ, ಎಆರ್‌ಎನ್ ಎಂಬ 23 ಅಂಕಿಯ ಸಂಖ್ಯೆಯನ್ನು. ಆ ಸಂಖ್ಯೆ ಕೊಟ್ಟರೆ ಹಣ ಎಲ್ಲಿ ಕೂತಿದೆಯೆಂದು ನಮ್ಮ ಬ್ಯಾಂಕು ಹುಡುಕಬಲ್ಲದು. ಎಷ್ಟು ಕೇಳಿದರೂ ಅಂಗಡಿ ಅದನ್ನು ಕೊಡದಿದ್ದರೆ ಹಣ ಹೊರಟೇ ಇಲ್ಲವೆಂಬ ಅನುಮಾನ ಪಡಬಹುದು, ಮರುಪಾವತಿ ಒಪ್ಪಿಕೊಂಡ ಆ ಈಮೇಲನ್ನೇ ಸಾಕ್ಷಿಯಾಗಿಟ್ಟು ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೋರಬಹುದು. ಅದಕ್ಕೂ ಗಡುವಿದೆ, ಸಂಕ್ರಾಂತಿ ಕಳೆಯಲಿ ಎಂದು ಕೂರುವ ಹಾಗಿಲ್ಲ.

ಮೇಷ್ಟ್ರು ಸಂಖ್ಯೆ ಕೇಳಿದರು, ಹಣ ಬಂತು. ಬಂದದ್ದು ಡಾಲರ್ ಲೆಕ್ಕದಲ್ಲಿ. ಅವರು ಕೊಂಡಾಗ ಕಾರ್ಡ್ ಜಾಲದ ದರ ಡಾಲರಿಗೆ 87.50; ಮರಳಿದಾಗ 89.50. ಮರುಪಾವತಿಗೆ ಹಳೆಯ ದರ ಅನ್ವಯಿಸುವುದಿಲ್ಲ, ಮರಳಿದ ದಿನದ ದರವೇ ಲೆಕ್ಕ. ರೂಪಾಯಿ ಚೇತರಿಸಿಕೊಂಡಿದ್ದರೆ ಮೇಷ್ಟ್ರಿಗೆ ನಷ್ಟ, ಬಿದ್ದರೆ ಲಾಭ. ಪ್ರತಿ ಆಗಸ್ಟ್ ಹದಿನೈದಕ್ಕೆ ತಪ್ಪದೆ ಧ್ವಜವಂದನೆಗೆ ಹೋಗುವ ಮನುಷ್ಯ ಅಕ್ಟೋಬರಿನಿಂದ ಬೆಳಗ್ಗೆ ಎದ್ದು ಪತ್ರಿಕೆಯ ವಾಣಿಜ್ಯ ಪುಟ ತೆರೆದು, ರೂಪಾಯಿ ಇನ್ನೂ ನಾಲ್ಕು ಪೈಸೆ ಇಳಿಯಲಿ ಎಂದು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದರು. ದೇವರು ಕಿವಿಗೊಟ್ಟ. ರಾಷ್ಟ್ರದ ಕರೆನ್ಸಿ ಕುಸಿದದ್ದರಿಂದ ಮೇಷ್ಟ್ರಿಗೆ ಆದ ಲಾಭ 224 ರೂಪಾಯಿ.

ಆದರೆ ಕೊಳ್ಳುವಾಗ ಬ್ಯಾಂಕು ವಿದೇಶಿ ವಹಿವಾಟಿನ ಮಾರ್ಕಪ್ ಎಂದು ಶೇ 3.5, ಅದರ ಮೇಲೆ ಶೇ 18 ಜಿಎಸ್‌ಟಿ ಹಿಡಿದಿತ್ತು. ಒಟ್ಟು 614 ರೂಪಾಯಿ. ಅದು ಹಿಂದಿರುಗಲಿಲ್ಲ. ಖರೀದಿ ರದ್ದಾದರೂ ಸೇವೆ ಸಲ್ಲಿಸಿಯಾಗಿದೆಯಲ್ಲ ಎಂಬುದು ಬ್ಯಾಂಕಿನ ವಾದ. ಇದರಿಂದ ತಪ್ಪಿಸಿಕೊಳ್ಳಲು ಪಾವತಿ ಪುಟದಲ್ಲಿ ‘ರೂಪಾಯಿಯಲ್ಲೇ ಕೊಡಿ’ ಎಂಬ ಬಟನ್ ಒತ್ತುವ ಜಾಣರಿದ್ದಾರೆ. ಅಲ್ಲಿ ದರ ಗೊತ್ತುಮಾಡುವವರು ಅಂಗಡಿಯ ಕಡೆಯವರು, ಅವರ ಲಾಭ ಆ ದರದೊಳಗೇ ಕೂತಿರುತ್ತದೆ. ಅಂಗಡಿ ವಿದೇಶದ್ದೆಂದು ನಮ್ಮ ಎಷ್ಟೋ ಬ್ಯಾಂಕುಗಳು ಮತ್ತೆ ಶುಲ್ಕ ಹಾಕುತ್ತವೆ. ಡಾಲರಿನಲ್ಲೇ ಕೊಡುವುದು ವಾಸಿ.

ಮೇಷ್ಟ್ರು ಕೊನೆಗೆ ಬಿಳಿ ಹಾಳೆಯ ಮೇಲೆ ಲೆಕ್ಕ ಬರೆದರು. ಕೊಂಡಾಗ ಕಾರ್ಡಿನಿಂದ ಹೋದದ್ದು 15,489. ಸುಂಕ ಮತ್ತು ಕ್ಲಿಯರೆನ್ಸ್ 7,300. ವಾಪಸ್ ಕಳಿಸಲು 5,000. ಒಟ್ಟು 27,789. ಬಂದದ್ದು 140ರಲ್ಲಿ 28 ಕಳೆದು 112 ಡಾಲರ್, ಅಂದರೆ 10,024 ರೂಪಾಯಿ. ಕೈಬಿಟ್ಟದ್ದು 17,765. ಷೂವಿನ ಬೆಲೆಯೇ ಕೊಂಡ ದಿನದ ದರದಲ್ಲಿ 12,250. ಷೂ ಕೊಳ್ಳುವುದಕ್ಕಿಂತ ಷೂ ಇಲ್ಲದಿರುವುದಕ್ಕೆ ಐದೂವರೆ ಸಾವಿರ ಹೆಚ್ಚು ಖರ್ಚಾಗಿತ್ತು. ಈ ಸಾಲಿನ ಕೆಳಗೆ ಮೇಷ್ಟ್ರು ಎರಡು ಗೆರೆ ಎಳೆದರು.

ನಾನು ಇನ್ನೊಂದು ಲೆಕ್ಕ ತೋರಿಸಿದೆ. ಷೂ ಕೈಗೆ ಬಂದ ಗಳಿಗೆಯಲ್ಲೇ 22,789 ಹೋಗಿಯಾಗಿತ್ತು. ಅದನ್ನು ನೆನೆದು ಫಲವಿಲ್ಲ. ವಾಪಸಾತಿಯಿಂದ ನಿಜಕ್ಕೂ ಗಿಟ್ಟಿದ್ದು 10,024ರಲ್ಲಿ 5,000 ಕಳೆದರೆ ಉಳಿಯುವ 5,024. ಹೊಸ ಷೂವನ್ನು 8ರ ಕಾಲಿನ ಯಾರಿಗಾದರೂ ಆರು ಸಾವಿರಕ್ಕೆ ಮಾರಿದ್ದರೂ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು, ಆಧಾರ್ ಜೆರಾಕ್ಸೂ ಉಳಿಯುತ್ತಿತ್ತು. ಅಥವಾ ಅಂಗಡಿಗೇ ಬರೆಯಬಹುದಿತ್ತು: ಷೂ ಇಲ್ಲೇ ಇರಲಿ, ಭಾಗಶಃ ಹಣ ಕೊಡಿ ಎಂದು. ದೂರದ ಮಾಲನ್ನು ತರಿಸಿಕೊಂಡು ಬಿಚ್ಚುವ ಕಷ್ಟಕ್ಕಿಂತ ಒಂದಷ್ಟು ಕೊಟ್ಟು ಕೈತೊಳೆದುಕೊಳ್ಳುವುದು ಎಷ್ಟೋ ಅಂಗಡಿಗಳಿಗೂ ಹಿತ. ಆದರೆ ಆ ಆಯ್ಕೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಬಾಯಿಬಿಟ್ಟು ಕೇಳಬೇಕು.

ನ್ಯೂಜೆರ್ಸಿಯಲ್ಲಿರುವ ಮಗಳಿಗೆ ವಿಷಯ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ‘ಅಪ್ಪಾ, ನನ್ನ ಅಡ್ರೆಸ್ಸಿಗೆ ಹಾಕಿಸಿದ್ರೆ ಆಗ್ತಿರ್ಲಿಲ್ವಾ? ನಾನು ಟೇಪ್ ಕೂಡ ಹಾಕಲ್ಲ, ಕೌಂಟರಲ್ಲಿ ಷೂ ಕೊಟ್ಟು ಬರ್ತೀನಿ. ಸಂಜೆಯೊಳಗೆ ರೀಫಂಡು’ ಎಂದಳು. ಆ ಬಾರ್‌ಕೋಡಿನ ಲೇಬಲ್ ಹುಟ್ಟಿರುವುದು ಅವಳಿಗಾಗಿ. ಕನ್ನಡಿಗರ ಸೂಟ್‌ಕೇಸುಗಳಷ್ಟು ನಂಬಿಕಸ್ಥ ಅಂತರರಾಷ್ಟ್ರೀಯ ಸಾಗಣೆ ಸಂಸ್ಥೆ ಇನ್ನೊಂದಿಲ್ಲ: ಹೋಗುವಾಗ ಚಟ್ನಿಪುಡಿ, ಬರುವಾಗ ಷೂ. ಗಾತ್ರದ ತೂಕ ಕೇಳುವವರಿಲ್ಲ.

ಗ್ರಾಹಕ ಆಯೋಗಕ್ಕೆ ಹೋಗೋಣವೆಂದು ಮೇಷ್ಟ್ರು ಈಗ ಹೊರಟಿದ್ದಾರೆ. 2020ರ ಇ-ಕಾಮರ್ಸ್ ನಿಯಮಗಳು ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಮಾರುವ ವಿದೇಶಿ ಅಂಗಡಿಗೂ ಅನ್ವಯಿಸುತ್ತವೆ. ದೂರು ತಲುಪಿದ್ದನ್ನು 48 ಗಂಟೆಯಲ್ಲಿ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. 2019ರ ಗ್ರಾಹಕ ಕಾಯ್ದೆಯಂತೆ ತಾವಿರುವ ಊರಲ್ಲೇ ದೂರು ಹಾಕಬಹುದು. ಗೆಲ್ಲಲೂಬಹುದು. ಇಲ್ಲಿ ಕಚೇರಿಯಿಲ್ಲದ, ಆಸ್ತಿಯಿಲ್ಲದ ಅಂಗಡಿಯಿಂದ ಆ ಆದೇಶದ ಹಣ ವಸೂಲು ಮಾಡುವವರು ಯಾರು ಎಂದು ಮಾತ್ರ ಯಾರೂ ಬರೆದಿಟ್ಟಿಲ್ಲ. ಅಷ್ಟಕ್ಕೂ ಅಂಗಡಿ ತಾನು ಬರೆದ ನಿಯಮವನ್ನು ಎಲ್ಲೂ ಮೀರಿಲ್ಲ. ಮೀರುವ ಅಗತ್ಯವೇ ಬೀಳದ ಹಾಗೆ ಬರೆದುಕೊಂಡಿದೆ.

ಹಾಗಾಗಿ ಇದನ್ನು ಓದುತ್ತಿರುವವರು, ಬೆರಳು ಖರೀದಿಯ ಬಟನ್ನಿನ ಹತ್ತಿರ ಸುಳಿದಾಡುತ್ತಿರುವಾಗಲೇ, ಅಂಗಡಿಗೆ ಮೂರು ಸಾಲಿನ ಈಮೇಲ್ ಹಾಕಿ. ಭಾರತದಿಂದ ವಾಪಸ್ ಕಳಿಸಲು ಲೇಬಲ್ ಯಾರು ಕೊಡುತ್ತಾರೆ, ಅದರ ದುಡ್ಡು ಯಾರದು? ರೀಸ್ಟಾಕಿಂಗ್ ಶುಲ್ಕ ಶೇಕಡ ಎಷ್ಟು? ಅಳತೆ ಸೆಂಟಿಮೀಟರಿನಲ್ಲಿ ಎಷ್ಟು? ಮೂರಕ್ಕೂ ಅಂಕಿಯಲ್ಲಿ ಉತ್ತರ ಬಂದರೆ ತರಿಸಿಕೊಳ್ಳಿ. ಉತ್ತರದ ಬದಲು ‘ನಿಮ್ಮ ಸಂತೋಷವೇ ನಮ್ಮ ಗುರಿ’ ಎಂದು ಬಂದರೆ ನಾಲ್ಕನೇ ಬ್ಲಾಕಿನ ಷೂ ಅಂಗಡಿಗಳು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತವೆ.